ವೈರಸ್ ಸೋಂಕು ಮತ್ತು ಬ್ಯಾಕ್ಟೀರಿಯಾ ಸೋಂಕು

ವೈರಸ್ ಸೋಂಕು ಮತ್ತು ಬ್ಯಾಕ್ಟೀರಿಯಾ ಸೋಂಕು ಎಂಬವು ಎರಡು ಭಿನ್ನ ಬಗೆಯ ಸೂಕ್ಷ್ಮಾಣುಗಳಿಂದ ಉಂಟಾಗುವ ರೋಗಸ್ಥಿತಿಗಳು. ಜ್ವರ, ಗಂಟಲು ನೋವು, ಕೆಮ್ಮು, ಭೇದಿ ಮೊದಲಾದ ಲಕ್ಷಣಗಳು ಎರಡರಲ್ಲಿಯೂ ಕಾಣಿಸಿಕೊಳ್ಳುವುದರಿಂದ ಹೊರನೋಟಕ್ಕೆ ಇವುಗಳನ್ನು ಬೇರ್ಪಡಿಸುವುದು ಅನೇಕ ವೇಳೆ ಕಷ್ಟ. ಆದರೆ ಚಿಕಿತ್ಸೆಯ ದೃಷ್ಟಿಯಿಂದ ಈ ವ್ಯತ್ಯಾಸ ನಿರ್ಣಾಯಕವಾದುದು. ಪೆನ್ಸಿಲಿನ್, ಅಮಾಕ್ಸಿಸಿಲಿನ್, ಅಜಿತ್ರೋಮೈಸಿನ್ ಮುಂತಾದ ಪ್ರತಿಜೀವಕಗಳು (ಆ್ಯಂಟಿಬಯೋಟಿಕ್‌ಗಳು) ಬ್ಯಾಕ್ಟೀರಿಯಾಗಳ ಮೇಲೆ ಮಾತ್ರ ಪರಿಣಾಮ ಬೀರುತ್ತವೆ; ವೈರಸ್‌ಗಳ ಮೇಲೆ ಅವುಗಳ ಪ್ರಭಾವವಿಲ್ಲ. ಔಷಧದ ಪ್ರಮಾಣ ಅಥವಾ ಶಕ್ತಿ ಸಾಲದಿರುವುದು ಇದಕ್ಕೆ ಕಾರಣವಲ್ಲ. ಪ್ರತಿಜೀವಕವು ಬ್ಯಾಕ್ಟೀರಿಯಾದ ಯಾವ ಭಾಗವನ್ನು ಹಿಡಿದು ಕೆಲಸ ಮಾಡುತ್ತದೆಯೋ ಆ ಭಾಗವೇ ವೈರಸ್‌ನಲ್ಲಿ ಇರುವುದಿಲ್ಲ.

ಈ ವ್ಯತ್ಯಾಸವು ದಿನನಿತ್ಯದ ವೈದ್ಯಕೀಯದಲ್ಲಿ ಅತ್ಯಂತ ಸ್ಪಷ್ಟವಾಗಿ ಎದುರಾಗುವುದು ಗಂಟಲು ನೋವಿನ ಸಂದರ್ಭದಲ್ಲಿ. ಬಹುಪಾಲು ಗಂಟಲು ನೋವುಗಳಿಗೆ ವೈರಸ್ ಕಾರಣವಾಗಿದ್ದು, ಅವು ತಾವಾಗಿಯೇ ವಾಸಿಯಾಗುತ್ತವೆ. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಅಲ್ಪಪಾಲು ಮಾತ್ರ ಚಿಕಿತ್ಸೆ ದೊರೆಯದಿದ್ದಲ್ಲಿ ಮುಂದೆ ಹೃದಯದ ಕವಾಟಗಳಿಗೆ ಶಾಶ್ವತ ಹಾನಿಯನ್ನುಂಟುಮಾಡಬಲ್ಲದು.

## ರಚನೆಯಲ್ಲಿನ ವ್ಯತ್ಯಾಸ

ಬ್ಯಾಕ್ಟೀರಿಯಾ ಒಂದು ಪೂರ್ಣ ಜೀವಕೋಶ. ಆಹಾರವನ್ನು ಹೀರಿಕೊಳ್ಳುವುದು, ಶಕ್ತಿಯನ್ನು ಉತ್ಪಾದಿಸುವುದು, ತನಗೆ ಬೇಕಾದ ಪ್ರೋಟೀನುಗಳನ್ನು ತಯಾರಿಸಿಕೊಳ್ಳುವುದು, ಎರಡಾಗಿ ಒಡೆದು ವೃದ್ಧಿಯಾಗುವುದು ಈ ಎಲ್ಲ ಕಾರ್ಯಗಳನ್ನೂ ಅದು ಸ್ವತಂತ್ರವಾಗಿ ನಡೆಸುತ್ತದೆ. ಹೆಚ್ಚಿನ ಬ್ಯಾಕ್ಟೀರಿಯಾಗಳ ಹೊರಮೈಗೆ ಗಟ್ಟಿಯಾದ ಕೋಶಭಿತ್ತಿ ಇರುತ್ತದೆ. ಒಳಗೆ ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗಳೆಂಬ ಸಾವಿರಾರು ಸೂಕ್ಷ್ಮ ಕಣಗಳಿರುತ್ತವೆ. ಗಂಟಲು ನೋವನ್ನುಂಟುಮಾಡುವ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದ ವ್ಯಾಸ ಸುಮಾರು 1 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಇದನ್ನು ಕಾಣಬಹುದು.

ವೈರಸ್ ಜೀವಕೋಶವಲ್ಲ. ಅದು ಡಿಎನ್‌ಎ ಅಥವಾ ಆರ್‌ಎನ್‌ಎ ರೂಪದ ಆನುವಂಶಿಕ ವಸ್ತುವನ್ನು ಪ್ರೋಟೀನ್ ಕವಚದೊಳಗೆ ಇಟ್ಟುಕೊಂಡಿರುವ ಒಂದು ಕಣ. ಕೆಲವು ವೈರಸ್‌ಗಳಿಗೆ ಇದರ ಮೇಲೆ ಕೊಬ್ಬಿನ ಹೊದಿಕೆಯೂ ಇರುತ್ತದೆ. ಕೋಶಭಿತ್ತಿಯಾಗಲಿ, ರೈಬೋಸೋಮ್‌ಗಳಾಗಲಿ, ಶಕ್ತಿಯನ್ನು ಉತ್ಪಾದಿಸುವ ವ್ಯವಸ್ಥೆಯಾಗಲಿ ಅದಕ್ಕಿಲ್ಲ. ಇನ್‌ಫ್ಲುಯೆಂಜಾ ವೈರಸ್ ಸ್ಟ್ರೆಪ್ಟೋಕಾಕಸ್‌ನ ಸುಮಾರು ಹತ್ತನೆಯ ಒಂದರಷ್ಟು ಗಾತ್ರದ್ದು. ನೆಗಡಿಯನ್ನು ತರುವ ರೈನೋವೈರಸ್ ಅದಕ್ಕಿಂತಲೂ ಚಿಕ್ಕದು. ಇವುಗಳನ್ನು ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

ವೈರಸ್ ತನ್ನಷ್ಟಕ್ಕೆ ತಾನೇ ವೃದ್ಧಿಯಾಗಲಾರದು. ಅದು ಮನುಷ್ಯನ ಜೀವಕೋಶದ ಮೇಲ್ಮೈಗೆ ಅಂಟಿಕೊಂಡು ಒಳಸೇರುತ್ತದೆ. ಕವಚ ಕಳಚಿದ ಮೇಲೆ ಅದರ ಆನುವಂಶಿಕ ವಸ್ತು ಆ ಕೋಶದ ಕಾರ್ಯವ್ಯವಸ್ಥೆಯನ್ನು ತನ್ನ ಪ್ರತಿಗಳ ತಯಾರಿಕೆಗೆ ಬಳಸಿಕೊಳ್ಳುತ್ತದೆ. ಹೀಗೆ ತಯಾರಾದ ಹೊಸ ಕಣಗಳು ಹೊರಬಂದು ಅಕ್ಕಪಕ್ಕದ ಕೋಶಗಳನ್ನು ಹೊಗುತ್ತವೆ. ಸ್ವಂತ ಅಡಿಗೆಮನೆಯಿಲ್ಲದ ಅತಿಥಿಯು ಮನೆಯೊಡೆಯನ ಒಲೆಯಲ್ಲಿಯೇ ತನ್ನ ಅಡಿಗೆ ಮಾಡಿಕೊಂಡಂತೆ ಇದು.

## ಪ್ರತಿಜೀವಕಗಳ ಕಾರ್ಯವಿಧಾನ

ರೋಗಾಣುವನ್ನು ಕೊಲ್ಲುವ ವಸ್ತುಗಳು ಅನೇಕವಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ರೋಗಿಯ ದೇಹಕ್ಕೂ ವಿಷವೇ. ರೋಗಾಣುವಿನಲ್ಲಿ ಇದ್ದು ಮನುಷ್ಯನ ಜೀವಕೋಶಗಳಲ್ಲಿ ಇಲ್ಲದ ಅಥವಾ ಬೇರೆ ರೀತಿಯಲ್ಲಿರುವ ಭಾಗವೊಂದನ್ನು ಗುರಿಯಾಗಿಸಿದಾಗ ಮಾತ್ರ ಒಂದು ವಸ್ತು ಸುರಕ್ಷಿತ ಔಷಧವಾಗಬಲ್ಲದು. ಬ್ಯಾಕ್ಟೀರಿಯಾದಲ್ಲಿ ಇಂತಹ ಗುರಿಗಳು ಹಲವಾರು ಇವೆ. ಅವುಗಳಲ್ಲಿ ಎರಡು ಮುಖ್ಯವಾದವು.

### ಕೋಶಭಿತ್ತಿ

ಬ್ಯಾಕ್ಟೀರಿಯಾದ ಕೋಶಭಿತ್ತಿಯು ಪೆಪ್ಟಿಡೋಗ್ಲೈಕಾನ್ ಎಂಬ ವಸ್ತುವಿನಿಂದಾದ ಬಲೆ. ಸಕ್ಕರೆಯ ಅಣುಗಳ ಉದ್ದನೆಯ ಎಳೆಗಳನ್ನು ಪ್ರೋಟೀನಿನ ಚಿಕ್ಕ ತುಣುಕುಗಳು ಅಡ್ಡಡ್ಡಲಾಗಿ ಬಂಧಿಸಿರುತ್ತವೆ. ಕೋಶದ ಒಳಗಿನ ಒತ್ತಡ ಹೊರಗಿನದಕ್ಕಿಂತ ಬಹಳ ಹೆಚ್ಚಾಗಿದ್ದು, ಕೋಶವು ಒಡೆಯದಂತೆ ತಡೆಹಿಡಿಯುವುದು ಈ ಬಲೆಯೇ. ಬ್ಯಾಕ್ಟೀರಿಯಾ ಬೆಳೆಯುವಾಗ ಹಳೆಯ ಬಂಧಗಳನ್ನು ಕತ್ತರಿಸಿ ಹೊಸ ಬಂಧಗಳನ್ನು ಹೆಣೆಯುತ್ತಿರಬೇಕಾಗುತ್ತದೆ.

ಹೊಸ ಅಡ್ಡಬಂಧಗಳನ್ನು ಹೆಣೆಯುವ ಕಿಣ್ವಕ್ಕೆ ಪೆನ್ಸಿಲಿನ್ ಅಣು ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಕತ್ತರಿಸುವ ಕೆಲಸ ಮುಂದುವರಿಯುತ್ತದೆ, ಹೆಣೆಯುವ ಕೆಲಸ ನಿಲ್ಲುತ್ತದೆ. ಭಿತ್ತಿ ದುರ್ಬಲವಾಗಿ ಕೊನೆಗೆ ಬ್ಯಾಕ್ಟೀರಿಯಾ ಒಡೆದುಹೋಗುತ್ತದೆ. ಬೆಳೆಯುತ್ತಿರುವ ಬ್ಯಾಕ್ಟೀರಿಯಾಗಳ ಮೇಲೆ ಪೆನ್ಸಿಲಿನ್ ಹೆಚ್ಚು ಪರಿಣಾಮಕಾರಿಯಾಗಿರುವುದಕ್ಕೆ ಇದೇ ಕಾರಣ. ಮನುಷ್ಯನ ಜೀವಕೋಶಗಳಿಗೆ ಕೋಶಭಿತ್ತಿಯೇ ಇಲ್ಲವಾದ್ದರಿಂದ ಅವು ಬಾಧಿತವಾಗುವುದಿಲ್ಲ. ವೈರಸ್‌ಗೂ ಅದು ಇಲ್ಲ; ಆದುದರಿಂದ ಪೆನ್ಸಿಲಿನ್‌ಗೆ ಅಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ.

ಈ ವಿವರಣೆಯನ್ನು ಸಮರ್ಥಿಸುವ ಒಂದು ನಿದರ್ಶನ ಬ್ಯಾಕ್ಟೀರಿಯಾಗಳಲ್ಲಿಯೇ ಇದೆ. ಒಂದು ಬಗೆಯ ನ್ಯುಮೋನಿಯಾವನ್ನುಂಟುಮಾಡುವ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೆ ಕೋಶಭಿತ್ತಿಯಿಲ್ಲ. ಅದರ ಮೇಲೆ ಪೆನ್ಸಿಲಿನ್ ಪರಿಣಾಮ ಬೀರುವುದಿಲ್ಲ.

### ರೈಬೋಸೋಮ್

ಮನುಷ್ಯನ ಕೋಶಗಳಲ್ಲಿಯೂ ರೈಬೋಸೋಮ್‌ಗಳಿವೆಯಾದರೂ ಅವುಗಳ ಗಾತ್ರ ಮತ್ತು ರಚನೆ ಬೇರೆ. ಬ್ಯಾಕ್ಟೀರಿಯಾದವನ್ನು 70ಎಸ್ ಎಂದೂ, ಮನುಷ್ಯನ ಕೋಶದ್ರವದಲ್ಲಿರುವವನ್ನು 80ಎಸ್ ಎಂದೂ ಕರೆಯುತ್ತಾರೆ. ಅಜಿತ್ರೋಮೈಸಿನ್, ಎರಿತ್ರೋಮೈಸಿನ್, ಡಾಕ್ಸಿಸೈಕ್ಲಿನ್ ಮೊದಲಾದ ಔಷಧಗಳು 70ಎಸ್ ರೈಬೋಸೋಮಿಗೆ ಅಂಟಿಕೊಂಡು ಪ್ರೋಟೀನ್ ತಯಾರಿಕೆಯನ್ನು ತಡೆಯುತ್ತವೆ. ಮೈಕೋಪ್ಲಾಸ್ಮಾಕ್ಕೆ ಭಿತ್ತಿಯಿಲ್ಲದಿದ್ದರೂ ರೈಬೋಸೋಮ್ ಇರುವುದರಿಂದ ಅದಕ್ಕೆ ಈ ಗುಂಪಿನ ಔಷಧಗಳನ್ನು ಕೊಡುತ್ತಾರೆ.

ವೈರಸ್‌ಗೆ ಸ್ವಂತ ರೈಬೋಸೋಮ್ ಇಲ್ಲ. ಅದರ ಪ್ರೋಟೀನುಗಳು ತಯಾರಾಗುವುದು ರೋಗಿಯದೇ 80ಎಸ್ ರೈಬೋಸೋಮ್‌ಗಳಲ್ಲಿ. ಅವುಗಳನ್ನು ತಡೆಯುವ ಔಷಧವು ರೋಗಿಯ ಆರೋಗ್ಯವಂತ ಕೋಶಗಳನ್ನೂ ಕೊಲ್ಲುತ್ತದೆ. ವೈರಸ್ ವಿರುದ್ಧ ಔಷಧ ಕಂಡುಹಿಡಿಯುವುದು ಹೆಚ್ಚು ಕಷ್ಟವಾಗಿರುವುದರ ಮೂಲವೂ ಇಲ್ಲಿಯೇ ಇದೆ.

## ವೈರಸ್ ನಿರೋಧಕ ಔಷಧಗಳು

ವೈರಸ್‌ಗಳಿಗೆ ಔಷಧವೇ ಇಲ್ಲವೆಂಬುದು ಸರಿಯಲ್ಲ. ವೈರಸ್ ತನ್ನೊಂದಿಗೆ ತರುವ ಕೆಲವು ಸ್ವಂತ ಕಿಣ್ವಗಳನ್ನು ಗುರಿಯಾಗಿಸಿದ ಔಷಧಗಳಿವೆ. ಸರ್ಪಸುತ್ತು ಮತ್ತು ಹರ್ಪಿಸ್ ಸೋಂಕುಗಳಿಗೆ ಕೊಡುವ ಅಸೈಕ್ಲೋವಿರ್ ಔಷಧವು ಆ ವೈರಸ್‌ನದೇ ಕಿಣ್ವದಿಂದ ಮಾರ್ಪಟ್ಟ ಮೇಲೆ ಕ್ರಿಯಾಶೀಲವಾಗುತ್ತದೆ. ಹಾಗಾಗಿ ಮುಖ್ಯವಾಗಿ ಸೋಂಕಿತ ಕೋಶಗಳಲ್ಲಿಯೇ ಕೆಲಸ ಮಾಡುತ್ತದೆ. ಇನ್‌ಫ್ಲುಯೆಂಜಾಕ್ಕೆ ಬಳಸುವ ಒಸೆಲ್ಟಾಮಿವಿರ್ ಹೊಸ ವೈರಸ್ ಕಣಗಳು ಕೋಶದಿಂದ ಬಿಡಿಸಿಕೊಂಡು ಹೋಗದಂತೆ ತಡೆಯುತ್ತದೆ. ಲಕ್ಷಣಗಳು ಕಾಣಿಸಿಕೊಂಡ 48 ಗಂಟೆಗಳೊಳಗೆ ಆರಂಭಿಸಿದಾಗ ಅದರ ಪ್ರಯೋಜನ ಹೆಚ್ಚು.

ಆದರೆ ಒಂದು ವೈರಸ್‌ನ ಕಿಣ್ವ ಇನ್ನೊಂದರಲ್ಲಿ ಇರುವುದಿಲ್ಲ. ಒಂದೇ ಪ್ರತಿಜೀವಕ ಹಲವು ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುವಂತೆ ಒಂದೇ ಔಷಧ ಹಲವು ವೈರಸ್‌ಗಳ ಮೇಲೆ ಕೆಲಸ ಮಾಡುವುದು ಅಪರೂಪ. ಸಾಮಾನ್ಯ ನೆಗಡಿಗೆ ಇಂತಹ ಔಷಧವಿಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಅದನ್ನು ನಿವಾರಿಸುತ್ತದೆ.

## ಇತಿಹಾಸ: ಇನ್‌ಫ್ಲುಯೆಂಜಾದ ತಪ್ಪು ಗುರುತು

ಎರಡು ಬಗೆಯ ಸೂಕ್ಷ್ಮಾಣುಗಳ ನಡುವಿನ ಗೊಂದಲವು ಪೆನ್ಸಿಲಿನ್‌ನ ಚರಿತ್ರೆಯಲ್ಲಿಯೇ ದಾಖಲಾಗಿದೆ. 1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ಇನ್‌ಫ್ಲುಯೆಂಜಾ ರೋಗಿಗಳ ಕಫದಲ್ಲಿ ಒಂದು ಬ್ಯಾಕ್ಟೀರಿಯಾವನ್ನು ಕಂಡು, ಅದೇ ಆ ರೋಗದ ಕಾರಣವೆಂದು ಸಾರಿದರು. ಅದೇ ವರ್ಷ ರಷ್ಯದ ದಿಮಿತ್ರಿ ಇವನೊವ್‌ಸ್ಕಿ, ಬ್ಯಾಕ್ಟೀರಿಯಾಗಳನ್ನು ತಡೆಹಿಡಿಯುವ ಪಿಂಗಾಣಿ ಸೋಸುಕದಲ್ಲಿ ಸೋಸಿದ ಮೇಲೂ ರೋಗಪೀಡಿತ ಹೊಗೆಸೊಪ್ಪಿನ ರಸವು ಸೋಂಕನ್ನು ಹರಡಬಲ್ಲದೆಂದು ತೋರಿಸಿದರು. 1898ರಲ್ಲಿ ನೆದರ್ಲೆಂಡ್ಸ್‌ನ ಮಾರ್ಟಿನಸ್ ಬೈಯೆರಿಂಕ್ ಈ ಸೋಸಿಹೋಗುವ ರೋಗಕಾರಕಕ್ಕೆ ವೈರಸ್ ಎಂಬ ಹೆಸರನ್ನು ಬಳಸಿದರು. ಇನ್‌ಫ್ಲುಯೆಂಜಾವೂ ಇಂತಹುದೇ ಕಾರಕದಿಂದ ಬರುತ್ತದೆಂಬುದು ಆಗ ತಿಳಿದಿರಲಿಲ್ಲ.

1928ರಲ್ಲಿ ಲಂಡನ್ನಿನಲ್ಲಿ ಪೆನ್ಸಿಲಿನ್‌ನ ಗುಣವನ್ನು ಗಮನಿಸಿದ ಅಲೆಕ್ಸಾಂಡರ್ ಫ್ಲೆಮಿಂಗ್, ಅದು ಫೈಫರ್ ಹೇಳಿದ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲವೆಂಬುದನ್ನೂ ಕಂಡರು. ಇತರ ಬ್ಯಾಕ್ಟೀರಿಯಾಗಳು ಸತ್ತು ಅದೊಂದೇ ಉಳಿಯುವುದರಿಂದ ಅದನ್ನು ಬೇರ್ಪಡಿಸಿ ಬೆಳೆಸಲು ಪೆನ್ಸಿಲಿನ್ ಉಪಯುಕ್ತವೆಂದು ಅವರು 1929ರ ತಮ್ಮ ಲೇಖನದಲ್ಲಿ ವಿವರಿಸಿದರು. 1933ರಲ್ಲಿ ಇಂಗ್ಲೆಂಡಿನ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರ್ಯೂಸ್ ಮತ್ತು ಪ್ಯಾಟ್ರಿಕ್ ಲೇಡ್ಲಾ ಅವರು ರೋಗಿಗಳ ಗಂಟಲು ತೊಳೆದ ನೀರನ್ನು ಸೋಸಿ ಫೆರೆಟ್ ಎಂಬ ಪ್ರಾಣಿಗಳಿಗೆ ಕೊಟ್ಟು ಇನ್‌ಫ್ಲುಯೆಂಜಾ ವೈರಸ್ ಅನ್ನು ಪ್ರತ್ಯೇಕಿಸಿದಾಗ ನಿಜವಾದ ಕಾರಣ ಬೆಳಕಿಗೆ ಬಂದಿತು. ಫೈಫರ್ ಕಂಡ ಬ್ಯಾಕ್ಟೀರಿಯಾಕ್ಕೆ ಮಾತ್ರ ಹೀಮೋಫಿಲಸ್ ಇನ್‌ಫ್ಲುಯೆಂಜೇ ಎಂಬ ಹೆಸರು ಇಂದಿಗೂ ಉಳಿದುಕೊಂಡಿದೆ.

ರೋಗಿಗಳ ಕಫದಲ್ಲಿ ಬ್ಯಾಕ್ಟೀರಿಯಾ ಇದ್ದುದು ಸುಳ್ಳಲ್ಲ. ವೈರಸ್‌ನಿಂದ ಶ್ವಾಸನಾಳದ ಒಳಪದರ ಹಾಳಾದಾಗ ಬ್ಯಾಕ್ಟೀರಿಯಾಗಳು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಉಂಟಾಗಬಹುದು. 1918ರ ಇನ್‌ಫ್ಲುಯೆಂಜಾ ಪಿಡುಗಿನ ಬಹುಪಾಲು ಸಾವುಗಳಲ್ಲಿ ಇಂತಹ ನ್ಯುಮೋನಿಯಾದ ಪಾತ್ರವಿತ್ತು ಎಂದು ಉಳಿದಿರುವ ಅಂಗಾಂಶಗಳ ಅಧ್ಯಯನದಿಂದ ತಿಳಿದುಬಂದಿದೆ. ಇದನ್ನು ಎರಡನೆಯ ಹಂತದ ಸೋಂಕು ಎನ್ನುತ್ತಾರೆ. ಇದಕ್ಕೆ ಪ್ರತಿಜೀವಕ ಅಗತ್ಯ. ಇಳಿಮುಖವಾಗಿದ್ದ ಜ್ವರ ಮತ್ತೆ ಏರುವುದು, ಉಸಿರಾಟ ಕಷ್ಟವಾಗುವುದು ಇದರ ಸೂಚನೆಗಳು.

## ಗಂಟಲು ನೋವು: ಒಂದು ನಿದರ್ಶನ

ಗಂಟಲು ನೋವೆಂದು ವೈದ್ಯರಲ್ಲಿಗೆ ಬರುವ ಮಕ್ಕಳಲ್ಲಿ ಸಾಮಾನ್ಯವಾಗಿ ಶೇಕಡ 20ರಿಂದ 30ರಷ್ಟು ಮಂದಿಗೆ, ವಯಸ್ಕರಲ್ಲಿ ಶೇಕಡ 5ರಿಂದ 15ರಷ್ಟು ಮಂದಿಗೆ ಮಾತ್ರ ಎ ಗುಂಪಿನ ಸ್ಟ್ರೆಪ್ಟೋಕಾಕಸ್ ಕಾರಣವಾಗಿರುತ್ತದೆ. ಉಳಿದವುಗಳಲ್ಲಿ ಹೆಚ್ಚಿನವು ವೈರಸ್ ಸೋಂಕುಗಳು. ಇವುಗಳನ್ನು ಬೇರ್ಪಡಿಸಲು 1981ರಲ್ಲಿ ರಾಬರ್ಟ್ ಸೆಂಟರ್ ಮತ್ತು ಸಂಗಡಿಗರು ನಾಲ್ಕು ಲಕ್ಷಣಗಳ ಅಂಕಪಟ್ಟಿಯೊಂದನ್ನು ರೂಪಿಸಿದರು. ಮುಂದೆ ವಾರೆನ್ ಮೆಕೈಸಾಕ್ ಅದಕ್ಕೆ ವಯಸ್ಸನ್ನು ಸೇರಿಸಿದರು. 3ರಿಂದ 14 ವರ್ಷದವರಿಗೆ ಒಂದು ಅಂಕ ಕೂಡುತ್ತದೆ. 45 ವರ್ಷ ಮತ್ತು ಮೇಲ್ಪಟ್ಟವರಿಗೆ ಒಂದು ಅಂಕ ಕಳೆಯುತ್ತದೆ.

ಎಂಟು ವರ್ಷದ ಇಬ್ಬರು ಮಕ್ಕಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಬ್ಬ ಹುಡುಗನಿಗೆ ಇದ್ದಕ್ಕಿದ್ದಂತೆ 39 ಡಿಗ್ರಿ ಸೆಲ್ಸಿಯಸ್ ಜ್ವರ ಬಂದಿದೆ. ಉಗುಳು ನುಂಗಲೂ ನೋವು. ಕೆಮ್ಮು, ನೆಗಡಿ ಇಲ್ಲ. ಇನ್ನೊಬ್ಬ ಹುಡುಗಿಗೆ ಎರಡು ದಿನಗಳಿಂದ ಮೂಗು ಸೋರುತ್ತಿದೆ, ಕೆಮ್ಮಿದೆ, ಧ್ವನಿ ಒಡೆದಿದೆ, ಮೈ 37.5 ಡಿಗ್ರಿಯಷ್ಟು ಬೆಚ್ಚಗಿದೆ. ಇಬ್ಬರೂ ಹೇಳುವುದು ಗಂಟಲು ನೋವು ಎಂದೇ.

| ಲಕ್ಷಣ | ಹುಡುಗ | ಹುಡುಗಿ |
|---|---|---|
| 38 ಡಿಗ್ರಿಗಿಂತ ಹೆಚ್ಚು ಜ್ವರ | 1 | 0 |
| ಕೆಮ್ಮು ಇಲ್ಲದಿರುವುದು | 1 | 0 |
| ಟಾನ್ಸಿಲ್ ಊದಿರುವುದು ಅಥವಾ ಅದರ ಮೇಲೆ ಬಿಳಿ ಲೇಪ | 1 | 0 |
| ಕುತ್ತಿಗೆಯ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟು | 1 | 0 |
| ವಯಸ್ಸು 3ರಿಂದ 14 | 1 | 1 |
| ಒಟ್ಟು | 5 | 1 |

ಹುಡುಗಿಯ ನೆಗಡಿ, ಕೆಮ್ಮು ಮತ್ತು ಒಡೆದ ಧ್ವನಿ ವೈರಸ್ ಸೋಂಕನ್ನು ಸೂಚಿಸುತ್ತವೆ. ಅವಳಿಗೆ ಗಂಟಲಿನ ಪರೀಕ್ಷೆಯಾಗಲಿ ಪ್ರತಿಜೀವಕವಾಗಲಿ ಬೇಕಿಲ್ಲ. ನೋವು ಮತ್ತು ಜ್ವರ ಶಮನಕ್ಕೆ ವಯಸ್ಸಿಗೆ ತಕ್ಕ ಪ್ರಮಾಣದ ಪ್ಯಾರಾಸಿಟಮಾಲ್, ಸಾಕಷ್ಟು ನೀರು, ವಿಶ್ರಾಂತಿ ಸಾಕಾಗುತ್ತವೆ.

ಹುಡುಗನಿಗೆ ಪೂರ್ಣ ಅಂಕ ಬಂದಿದ್ದರೂ ಅದು ಸ್ಟ್ರೆಪ್ಟೋಕಾಕಸ್ ಎಂಬುದಕ್ಕೆ ಖಚಿತ ಪ್ರಮಾಣವಲ್ಲ. ಇಷ್ಟು ಅಂಕ ಬಂದವರಲ್ಲಿಯೂ ಸುಮಾರು ಅರ್ಧದಷ್ಟು ಮಂದಿಯಲ್ಲಿ ಮಾತ್ರ ಆ ಬ್ಯಾಕ್ಟೀರಿಯಾ ದೊರೆಯುತ್ತದೆ. ಆದ್ದರಿಂದ ಗಂಟಲಿನಿಂದ ಹತ್ತಿಕಡ್ಡಿಯಲ್ಲಿ ದ್ರವ ತೆಗೆದು ಪರೀಕ್ಷಿಸುತ್ತಾರೆ. ಶೀಘ್ರ ಪರೀಕ್ಷೆಯ ಫಲಿತಾಂಶ ಕೆಲವೇ ನಿಮಿಷಗಳಲ್ಲಿ ದೊರೆಯುತ್ತದೆ. ಪ್ರಯೋಗಾಲಯದಲ್ಲಿ ರಕ್ತ ಬೆರೆಸಿದ ಅಗರ್ ಮೇಲೆ ಬ್ಯಾಕ್ಟೀರಿಯಾವನ್ನು ಬೆಳೆಸುವ ಪರೀಕ್ಷೆಗೆ ಒಂದೆರಡು ದಿನ ಬೇಕು. ಸ್ಟ್ರೆಪ್ಟೋಕಾಕಸ್ ಬೆಳೆದೆಡೆ ರಕ್ತಕಣಗಳು ಒಡೆದು ಸುತ್ತಲೂ ತಿಳಿಯಾದ ವಲಯ ಕಾಣಿಸುತ್ತದೆ.

ಪರೀಕ್ಷೆಗೂ ಮಿತಿಗಳಿವೆ. ಕೆಲವು ಆರೋಗ್ಯವಂತ ಮಕ್ಕಳ ಗಂಟಲಿನಲ್ಲಿ ಸ್ಟ್ರೆಪ್ಟೋಕಾಕಸ್ ಯಾವ ತೊಂದರೆಯನ್ನೂ ಕೊಡದೆ ನೆಲೆಸಿರುತ್ತದೆ. ಅಂತಹ ಮಗುವಿಗೆ ನೆಗಡಿಯಾದಾಗ ಪರೀಕ್ಷಿಸಿದರೆ ವೈರಸ್‌ನ ರೋಗಕ್ಕೆ ಬ್ಯಾಕ್ಟೀರಿಯಾ ಹೊಣೆಯಾಗುತ್ತದೆ. ಸ್ಪಷ್ಟ ನೆಗಡಿಯ ಲಕ್ಷಣಗಳಿದ್ದಾಗ ಪರೀಕ್ಷೆ ಬೇಡವೆನ್ನುವುದು ಇದರಿಂದಲೇ. ಮತ್ತೊಂದೆಡೆ, ಟಾನ್ಸಿಲ್ ಮೇಲಿನ ಬಿಳಿ ಲೇಪ ಎಪ್‌ಸ್ಟೀನ್–ಬಾರ್ ವೈರಸ್‌ನಿಂದಲೂ ಬರಬಹುದು. ಆ ಸೋಂಕಿನಲ್ಲಿ ಅಮಾಕ್ಸಿಸಿಲಿನ್ ಕೊಟ್ಟರೆ ಅನೇಕ ರೋಗಿಗಳಿಗೆ ಮೈಮೇಲೆಲ್ಲ ಕೆಂಪು ದದ್ದುಗಳೇಳುತ್ತವೆ.

### ಚಿಕಿತ್ಸೆಯ ಉದ್ದೇಶ

ಸ್ಟ್ರೆಪ್ಟೋಕಾಕಸ್‌ನ ಗಂಟಲು ನೋವು ಸಹ ಔಷಧವಿಲ್ಲದೆ ಸಾಮಾನ್ಯವಾಗಿ ಒಂದು ವಾರದೊಳಗೆ ತಗ್ಗುತ್ತದೆ; ಪೆನ್ಸಿಲಿನ್‌ನಿಂದ ನೋವಿನ ಅವಧಿ ಸುಮಾರು ಒಂದು ದಿನದಷ್ಟು ಕಡಿಮೆಯಾಗುತ್ತದೆ. ಔಷಧದ ಮುಖ್ಯ ಉದ್ದೇಶ ರುಮ್ಯಾಟಿಕ್ ಜ್ವರವನ್ನು ತಡೆಯುವುದು. ಈ ಬ್ಯಾಕ್ಟೀರಿಯಾದ ಕೆಲವು ಪ್ರೋಟೀನುಗಳು ಹೃದಯದ ಅಂಗಾಂಶವನ್ನು ಹೋಲುತ್ತವೆ. ಬ್ಯಾಕ್ಟೀರಿಯಾದ ವಿರುದ್ಧ ಸಿದ್ಧವಾದ ದೇಹದ ರಕ್ಷಣಾ ವ್ಯವಸ್ಥೆಯು ಕೆಲವರಲ್ಲಿ ತನ್ನದೇ ಹೃದಯ, ಕೀಲುಗಳ ಮೇಲೆ ತಿರುಗಿಬೀಳುತ್ತದೆ. ಗಂಟಲು ವಾಸಿಯಾದ ಎರಡು ಮೂರು ವಾರಗಳ ನಂತರ ಕೀಲುನೋವು, ಜ್ವರ ಕಾಣಿಸಿಕೊಳ್ಳುತ್ತವೆ; ಹೃದಯದ ಕವಾಟಗಳು ಊತಗೊಂಡು ಮುಂದೆ ಕಿರಿದಾಗುವುದೂ ಸೋರುವುದೂ ಉಂಟು. ಭಾರತದಲ್ಲಿ ಈ ರೋಗ ಇನ್ನೂ ಉಳಿದಿದೆ.

ಪೆನ್ಸಿಲಿನ್‌ನಿಂದ ಇದನ್ನು ತಡೆಯಬಹುದೆಂಬುದನ್ನು ಫ್ಲಾಯ್ಡ್ ಡೆನ್ನಿ, ಲೂಯಿಸ್ ವಾನಮೇಕರ್ ಮತ್ತು ಸಂಗಡಿಗರು ಅಮೆರಿಕದ ವಯೋಮಿಂಗ್ ರಾಜ್ಯದ ವಾಯುಪಡೆ ನೆಲೆಯೊಂದರಲ್ಲಿ ನಡೆಸಿದ ಅಧ್ಯಯನದಿಂದ 1950ರಲ್ಲಿ ತೋರಿಸಿದರು. ನೋವು ಆರಂಭವಾದ ಒಂಬತ್ತು ದಿನಗಳೊಳಗೆ ಚಿಕಿತ್ಸೆ ಶುರುವಾದರೂ ಈ ರಕ್ಷಣೆ ದೊರೆಯುತ್ತದೆ. ಹಾಗಾಗಿ ಪರೀಕ್ಷೆಯ ಫಲಿತಾಂಶಕ್ಕಾಗಿ ಒಂದೆರಡು ದಿನ ಕಾಯುವುದರಿಂದ ಹಾನಿಯಿಲ್ಲ. ಗಂಟಲಿನಿಂದ ಬ್ಯಾಕ್ಟೀರಿಯಾವನ್ನು ನಿರ್ಮೂಲಗೊಳಿಸಲು ಪೆನ್ಸಿಲಿನ್ ಅಥವಾ ಅಮಾಕ್ಸಿಸಿಲಿನ್ ಮಾತ್ರೆಗಳನ್ನು ರೂಢಿಯಂತೆ 10 ದಿನ ಕೊಡುತ್ತಾರೆ. ಇಲ್ಲವೇ ದೀರ್ಘಕಾಲ ಕೆಲಸ ಮಾಡುವ ಬೆನ್ಜತೀನ್ ಪೆನ್ಸಿಲಿನ್‌ನ ಒಂದೇ ಚುಚ್ಚುಮದ್ದು ಹಾಕುತ್ತಾರೆ. ಮೂರನೆಯ ದಿನವೇ ನೋವು ಹೋಯಿತೆಂದು ಮಾತ್ರೆ ನಿಲ್ಲಿಸಿದರೆ ಗಂಟಲಿನಲ್ಲಿ ಬ್ಯಾಕ್ಟೀರಿಯಾ ಉಳಿದುಕೊಳ್ಳುವ ಸಾಧ್ಯತೆಯಿದೆ. ಪೆನ್ಸಿಲಿನ್ ಒಗ್ಗದವರಿಗೆ ಬೇರೆ ಔಷಧಗಳಿವೆ.

## ಮಲೆನಾಡಿನ ಜ್ವರಗಳು

ಲಕ್ಷಣ ಒಂದೇ, ಕಾರಣ ಬೇರೆ ಎಂಬುದಕ್ಕೆ ಕರ್ನಾಟಕದ ಮಲೆನಾಡಿನಲ್ಲಿಯೂ ನಿದರ್ಶನವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಗಳ ಮೂಲಕ ಹರಡುವ ವೈರಸ್ ರೋಗ. ಇಲಿಜ್ವರವು ಇಲಿ ಮುಂತಾದ ಪ್ರಾಣಿಗಳ ಮೂತ್ರ ಬೆರೆತ ನೀರು, ಕೆಸರಿನಿಂದ ಬರುವ ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾದ ಸೋಂಕು. ಎರಡೂ ತೀವ್ರ ಜ್ವರ, ತಲೆನೋವು, ಮೈಕೈ ನೋವಿನಿಂದ ಆರಂಭವಾಗುತ್ತವೆ. ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್ ಅಥವಾ ಪೆನ್ಸಿಲಿನ್ ಗುಂಪಿನ ಔಷಧ ಕೆಲಸ ಮಾಡುತ್ತದೆ. ಮಂಗನ ಕಾಯಿಲೆಯಲ್ಲಿ ದೇಹದ ದ್ರವ, ರಕ್ತದೊತ್ತಡ ಮತ್ತು ರಕ್ತಸ್ರಾವದ ನಿರ್ವಹಣೆಯೇ ಚಿಕಿತ್ಸೆ. ರಕ್ತಪರೀಕ್ಷೆಯಿಂದ ಇವೆರಡನ್ನು ಬೇರ್ಪಡಿಸುತ್ತಾರೆ. ಇಲಿಜ್ವರದ ಶಂಕೆ ಬಲವಾಗಿದ್ದಲ್ಲಿ ಫಲಿತಾಂಶಕ್ಕೆ ಕಾಯದೆ ವೈದ್ಯರು ಪ್ರತಿಜೀವಕ ಆರಂಭಿಸುವುದೂ ಉಂಟು. ಅಲ್ಲಿ ವಿಳಂಬವೇ ಅಪಾಯಕಾರಿ.

## ಅನಗತ್ಯ ಬಳಕೆಯ ಪರಿಣಾಮಗಳು

ವೈರಸ್ ಸೋಂಕಿಗೆ ತೆಗೆದುಕೊಂಡ ಪ್ರತಿಜೀವಕವು ಫಲ ಕೊಟ್ಟಿತೆಂಬ ಭಾವನೆ ಸಾಮಾನ್ಯ. ವೈರಸ್‌ನ ಗಂಟಲು ನೋವು ಮೂರು ನಾಲ್ಕು ದಿನಗಳಲ್ಲಿ ತಾನಾಗಿ ಇಳಿಯತೊಡಗುತ್ತದೆ. ನೋವು ಉಲ್ಬಣಿಸಿದ ಎರಡನೆಯ ದಿನ ಮಾತ್ರೆ ಆರಂಭಿಸಿದವರಿಗೆ ನಾಲ್ಕನೆಯ ದಿನ ಗುಣ ಕಂಡಾಗ ಮಾತ್ರೆಯೇ ಕಾರಣವೆಂದು ತೋರುತ್ತದೆ. ಸಿಂಬಳ ಹಳದಿ ಅಥವಾ ಹಸಿರು ಬಣ್ಣಕ್ಕೆ ತಿರುಗಿದರೆ ಬ್ಯಾಕ್ಟೀರಿಯಾ ಸೋಂಕೆಂಬ ನಂಬಿಕೆಯೂ ಸರಿಯಲ್ಲ. ಆ ಬಣ್ಣ ಬರುವುದು ಸೋಂಕಿನೆಡೆಗೆ ಧಾವಿಸುವ ಬಿಳಿ ರಕ್ತಕಣಗಳಲ್ಲಿರುವ ಕಿಣ್ವದಿಂದ. ಸಾಮಾನ್ಯ ನೆಗಡಿಯಲ್ಲಿಯೂ ಅದು ಕಾಣಿಸುತ್ತದೆ.

ವೈರಸ್ ಅನ್ನು ಮುಟ್ಟದ ಪ್ರತಿಜೀವಕವು ದೇಹದಲ್ಲಿರುವ ನಿರುಪದ್ರವಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಕರುಳಿನ ಉಪಯುಕ್ತ ಬ್ಯಾಕ್ಟೀರಿಯಾಗಳು ನಾಶವಾದಾಗ ಭೇದಿಯಾಗಬಹುದು. ಕೆಲವರಿಗೆ ಔಷಧದ ಅಲರ್ಜಿ ತೀವ್ರವಾಗಿ ಕಾಡಬಹುದು. ಇವುಗಳ ಜೊತೆಗೆ, ಔಷಧದ ದಾಳಿಯಿಂದ ಪಾರಾಗಬಲ್ಲ ಕೆಲವೇ ಬ್ಯಾಕ್ಟೀರಿಯಾಗಳು ಉಳಿದು, ಖಾಲಿಯಾದ ಜಾಗದಲ್ಲಿ ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ಕೆಲವು ಬ್ಯಾಕ್ಟೀರಿಯಾಗಳು ಪೆನ್ಸಿಲಿನ್ ಅಣುವನ್ನೇ ತುಂಡರಿಸುವ ಕಿಣ್ವವನ್ನು ತಯಾರಿಸುತ್ತವೆ. ಇಂತಹ ಗುಣಗಳ ಆನುವಂಶಿಕ ಸೂಚನೆ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು. ಔಷಧಕ್ಕೆ ಒಗ್ಗಿಹೋಗುವುದು ರೋಗಿಯ ದೇಹವೆಂದು ಜನರಲ್ಲಿ ತಿಳಿವಳಿಕೆಯಿದೆ. ವಾಸ್ತವವಾಗಿ ಪ್ರತಿರೋಧ ಬೆಳೆಸಿಕೊಳ್ಳುವುದು ಬ್ಯಾಕ್ಟೀರಿಯಾ. ಆದ್ದರಿಂದಲೇ ಅದು ಒಬ್ಬರಿಂದ ಮತ್ತೊಬ್ಬರಿಗೆ ಹರಡುತ್ತದೆ; ಪ್ರತಿಜೀವಕವನ್ನೇ ಮುಟ್ಟದವರಿಗೂ ಅಂತಹ ಸೋಂಕು ತಗಲಬಹುದು.

ಭಾರತದಲ್ಲಿ ಪ್ರತಿಜೀವಕಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಹಲವು ಪ್ರಬಲ ಪ್ರತಿಜೀವಕಗಳನ್ನು 2014ರ ಮಾರ್ಚ್‌ನಿಂದ ಎಚ್1 ಎಂಬ ಪ್ರತ್ಯೇಕ ಅನುಸೂಚಿಗೆ ಸೇರಿಸಲಾಗಿದ್ದು, ಅವುಗಳನ್ನು ಮಾರುವಾಗ ಔಷಧದಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರು, ಔಷಧ ಮತ್ತು ಅದರ ಪ್ರಮಾಣವನ್ನು ಬೇರೆಯೇ ದಾಖಲೆಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧಗಳ ಪಟ್ಟಿಯ ಎಡಬದಿಯಲ್ಲಿ ಕೆಂಪು ಗೆರೆ ಮುದ್ರಿತವಾಗಿರುತ್ತದೆ.